ಏಳು ಮೊಳೆಯ ಕುರ್ಚಿ

ನಮ್ಮ ಭಾವ ಊಟ ಮುಗಿಸಿ ಕುರ್ಚಿಯ ಮುಂದಿನ ಎರಡು ಕಾಲು ಎತ್ತಿ ಹಿಂದಕ್ಕೆ ವಾಲುತ್ತಾರೆ. ಅವರ ಪೂರ್ತಿ ಭಾರ ಆಗ ಹಿಂಗಾಲು ಮತ್ತು ಆಸನದ ಪಕ್ಕದ ಪಟ್ಟಿ ಸೇರುವ ಜಾಗದ ಮೇಲೆ ಬೀಳುತ್ತದೆ. ಕಿರ್ರ್ ಅಂತ ಸದ್ದು. ಅದಕ್ಕೆ ಅವರ ಉತ್ತರ ಒಂದೇ: "ಒಂದು ಮೊಳೆ ಹೊಡಿ ಮಾರಾಯ, ಸರಿ ಹೋಗುತ್ತೆ."

ಮೊಳೆ ಹೊಡೆದರೆ ಸರಿ ಹೋಗುವುದಾಗಿದ್ದರೆ ಈ ಕುರ್ಚಿ ಇಷ್ಟರಲ್ಲಿ ಬಂಡೆಯಾಗಿರಬೇಕಿತ್ತು. ತಾತನ ಕಾಲದ ತೇಗದ ಕುರ್ಚಿ. ಭಾನುವಾರ ಇಕ್ಕಳ ಹಿಡಿದು ಕೂತೆ, ಆ ಒಂದೇ ಸಂದಿಯಲ್ಲಿ ಏಳು ಮೊಳೆ ಸಿಕ್ಕವು. ಒಂದೊಂದಕ್ಕೂ ಒಬ್ಬ ವಾರಸುದಾರ ಇದ್ದಾನೆ. ಎರಡು ಚಪ್ಪಟೆ ತಲೆಯವು ತಾತನವು, ಸೊಟ್ಟಗಾಗಿದ್ದನ್ನು ಕಲ್ಲಿನ ಮೇಲೆ ನೆಟ್ಟಗೆ ಮಾಡಿ ಹೊಡೆದವು, ಯಾಕೆಂದರೆ ಅವರು ಜೀವಮಾನದಲ್ಲಿ ಹೊಸ ಮೊಳೆ ಕೊಂಡವರಲ್ಲ. ಮೂರಂಗುಲದ್ದು ಚಿಕ್ಕಪ್ಪನದು. ನನ್ನ ತಂಗಿಯ ನಾಮಕರಣದ ಹಿಂದಿನ ರಾತ್ರಿ, "ನಾಳೆ ಪುರೋಹಿತರು ಬಿದ್ದರೆ ಮಾನ ಹೋಗುತ್ತೆ" ಅಂತ ಹೊಡೆದದ್ದು, ಅದರ ತುದಿ ಆಚೆ ಬಂದು ಪುರೋಹಿತರ ಪಂಚೆಯನ್ನೇ ಹರಿಯಿತು. ಆಮೇಲೆ ಆ ತುದಿಯನ್ನು ಬಗ್ಗಿಸಲು ಇನ್ನೊಂದು ಮೊಳೆ. ಒಂದು ಕ್ಯಾಲೆಂಡರ್ ಮೊಳೆ, ಅದು ನಾನೇ, ಹನ್ನೆರಡನೇ ವಯಸ್ಸಿನಲ್ಲಿ. ಉಳಿದ ಎರಡನ್ನು ಹೊಡೆದವರು ಯಾರು ಅಂತ ಅಮ್ಮನನ್ನು ಕೇಳಿದೆ. "ನಿಮ್ಮಪ್ಪ ಇರಬೇಕು, ಇನ್ಯಾರು" ಅಂದಳು. ಮನೆಯಲ್ಲಿ ಯಾರದೆಂದು ಗೊತ್ತಿಲ್ಲದ ತಪ್ಪೆಲ್ಲ ಅವರದೇ. ಬೆಳಗಿನ ಹತ್ತಕ್ಕೆ ಶುರು ಮಾಡಿದವನು ಏಳನೆಯದನ್ನು ಕೀಳುವಾಗ ಮಧ್ಯಾಹ್ನದ ಸಾರು ತಣ್ಣಗಾಗಿತ್ತು. ಪ್ರತಿ ಮೊಳೆಯ ಸುತ್ತ ಮರ ಕಪ್ಪಾಗಿ ಸೀಳಿತ್ತು.

ಮೊಳೆ ಹಿಡಿಯಬೇಕಾದರೂ ಹೇಗೆ ಹೇಳಿ? ಕಾಲನ್ನೂ ಪಟ್ಟಿಯನ್ನೂ ಹಿಡಿದಿಡುವುದು ಎರಡರ ತೂತಿಗೂ ಅಂಟು ಹಾಕಿ ಕೂರಿಸಿದ ಮರದ ಗೂಟ. ಮಳೆಗಾಲದಲ್ಲಿ ಮರ ಉಬ್ಬುತ್ತದೆ. ತೂತಿನಲ್ಲಿ ಜಾಗವಿಲ್ಲದೆ ಗೂಟ ತನ್ನನ್ನೇ ಹಿಸುಕಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕುಗ್ಗಿದಾಗ ಮೊದಲಿಗಿಂತ ಸಣ್ಣದಾಗಿರುತ್ತದೆ. ಇಷ್ಟು ವರ್ಷ ಹೀಗಾದರೆ ಅಂಟು ಬಿರುಕು ಬಿಟ್ಟು ಕಾಲು ಅಲ್ಲಾಡುತ್ತದೆ, ಅಷ್ಟೇ. ಆ ಸಂದಿಗೇ ಮೇಲಿಂದ ಫೆವಿಕಾಲ್ ಸುರಿಯುವವರೂ ಇದ್ದಾರೆ. ಹಳೆಯ ಅಂಟಿನ ಪದರದ ಮೇಲೆ ಹೊಸದು ಕೂರುವುದಿಲ್ಲ. ಅದಕ್ಕೆ ಬರಿ ಮರ ಬೇಕು.

ಹಾಗಾಗಿ ಕಾಲನ್ನು ಪೂರ್ತಿ ಬಿಚ್ಚಿದೆ. ಒಳಗಿದ್ದ ಎರಡು ಗೂಟಗಳಲ್ಲಿ ಒಂದು ಮುರಿದಿತ್ತು, ಇನ್ನೊಂದು ಬೆರಳಲ್ಲಿ ಹಿಡಿದೆಳೆದರೆ ಬಂತು. ಮುರಿದದ್ದನ್ನು ಮಟ್ಟಸವಾಗಿ ಕೊಯ್ದು, ನಡುವೆ ಮೊದಲು 3 ಮಿಮೀ, ಆಮೇಲೆ 8 ಮಿಮೀ ಡ್ರಿಲ್ ಹಾಕಿ ತೆಗೆದೆ. ಒಂದು ತೂತು ಮೊಟ್ಟೆಯಾಕಾರವಾಗಿತ್ತು. ಅದನ್ನು ಎರಡೂ ಕಡೆ 10 ಮಿಮೀಗೆ ಹಿಗ್ಗಿಸಿ ದಪ್ಪ ಗೂಟ ಹಾಕಬೇಕಾಯಿತು. ಸಡಿಲವಿದ್ದ ತೂತಿಗೆ ಅಂಟು ತುಂಬಿ ಸುಮ್ನೆ ಕೂರಿಸಿದರೆ ಮತ್ತೆ ಅದೇ ಕಥೆ, ಈ ಅಂಟಿಗೆ ಖಾಲಿ ಜಾಗ ತುಂಬಿ ಭಾರ ಹೊರುವ ಶಕ್ತಿಯಿಲ್ಲ.

ಗೂಟ 50 ಮಿಮೀ. ಎರಡು ಕಡೆಗೂ ಇಪ್ಪತ್ತೈದು, ತೂತು ಎರಡು ಮಿಮೀ ಜಾಸ್ತಿ ಆಳ. ನಾನು ತಂದದ್ದು ನುಣುಪು ಕೋಲಿನ ತುಂಡು. ಅಂಟು ಹಚ್ಚಿ ಕೊಡತಿಯಲ್ಲಿ ಬಡಿದರೆ ಅರ್ಧಕ್ಕೇ ನಿಂತಿತು, ಒಳಗೆ ಸಿಕ್ಕಿಬಿದ್ದ ಅಂಟು ಹೋಗಲು ದಾರಿಯಿಲ್ಲ! ಇನ್ನೊಂದು ಪೆಟ್ಟು ಕೊಟ್ಟಿದ್ದರೆ ಕಾಲೇ ಸೀಳುತ್ತಿತ್ತು. ಎಳೆದು ತೆಗೆದು, ಚಾಕುವಿನಿಂದ ಗೂಟದ ಉದ್ದಕ್ಕೂ ಗೆರೆ ಕೊರೆದೆ. ಅಂಗಡಿಯಲ್ಲಿ ಡೋವೆಲ್ ಪಿನ್ ಅಂತ ಸಿಗುವ ಸಿದ್ಧ ಗೂಟದ ಮೇಲಿನ ಗೆರೆಗಳು ಅಂದಕ್ಕಲ್ಲ ಅಂತ ಆಗ ತಲೆಗೆ ಹೋಯಿತು.

ಅಂಟು ಒಣಗುವ ತನಕ ಒತ್ತಿ ಹಿಡಿಯುವ ಕ್ಲಾಂಪ್ ನಮ್ಮಲ್ಲಿ ಎಲ್ಲಿ? ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ನಾಲ್ಕೂ ಕಾಲಿಗೆ ಎರಡು ಸುತ್ತು ಸುತ್ತಿ, ಮೂಲೆಗಳಿಗೆ ರಟ್ಟು ಇಟ್ಟು, ನಡುವೆ ಲಟ್ಟಣಿಗೆ ತೂರಿಸಿ ತಿರುಚಿದೆ. ಹೆಂಡತಿ ಚಪಾತಿ ಹಿಟ್ಟು ಕಲಸಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡದೆ ಸಂದಿಯನ್ನೇ ನೋಡಿದೆ, ಅಂಟು ಸಾಸಿವೆಯಷ್ಟು ಹನಿಗಳಾಗಿ ಸಾಲಾಗಿ ಇಣುಕಿತು. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ತಿರುಚಿದರೆ ಅಂಟೆಲ್ಲ ಆಚೆ ಬಂದುಬಿಡುತ್ತೆ, ಜೊತೆಗೆ ಕುರ್ಚಿಯೂ ಸೊಟ್ಟಗಾಗುತ್ತೆ. ಆಸನದ ಮೂಲೆಯಿಂದ ಎದುರಿನ ಮೂಲೆಗೆ ಎರಡೂ ಕಡೆ ಟೇಪ್ ಹಿಡಿದೆ. ಒಂದು ಅಳತೆ ಇನ್ನೊಂದಕ್ಕಿಂತ 4 ಮಿಮೀ ಜಾಸ್ತಿ. ಆ ದಿಕ್ಕಿನಲ್ಲಿ ಸ್ವಲ್ಪ ಒತ್ತಿ ಸರಿ ಮಾಡಿದೆ. ಸೋರಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಲಟ್ಟಣಿಗೆ ಜಾರದಂತೆ ಆಸನದ ಪಟ್ಟಿಗೆ ಕಟ್ಟಿದೆ. ರಾತ್ರಿ ಅನ್ನವೇ ಆಯಿತು.

ಒಂದು ಪೂರ್ತಿ ದಿನ ಯಾರೂ ಕೂರಬಾರದು. ಮಳೆಗಾಲ ಬೇರೆ, ಎರಡು ದಿನ ಬಿಟ್ಟೆ.

ಮುಂದಿನ ಭಾನುವಾರ ಭಾವ ಬಂದರು, ಊಟ ಮಾಡಿದರು, ವಾಲಿದರು. ಸದ್ದೇ ಇಲ್ಲ. ಇನ್ನೊಮ್ಮೆ ವಾಲಿ ನೋಡಿ ನನ್ನ ಕಡೆ ತಿರುಗಿದರು.

"ಹೊಡೆದ್ಯಾ ಮೊಳೆ?"

"ಹೂಂ" ಅಂದೆ.