ಬರ ಬರೋವರೆಗೆ ಮಳೆ ಬೇಡಪ್ಪಾ

ಆಗಸ್ಟ್ ತಿಂಗಳ ಸಂಜೆ. ಚಳ್ಳಕೆರೆ ಕಡೆಯ ನಮ್ಮ ಶೇಂಗಾ ಹೊಲದ ಮೇಲೆ ಮೋಡ ಕಟ್ಟಿತು. ಬದುವಿನ ಮೇಲೆ ಕೂತಿದ್ದ ಚಿಕ್ಕಪ್ಪ ಎದ್ದು ಕೈಮುಗಿದರು. "ಇನ್ನೆರಡು ದಿನ ತಡಿಯಪ್ಪಾ, ಆಮೇಲೆ ಎಷ್ಟು ಬೇಕಾದ್ರೂ ಸುರಿ!"

ಚಿಕ್ಕಪ್ಪನಿಗೆ ತಲೆ ಕೆಟ್ಟಿರಲಿಲ್ಲ. ಬರ ಅಂತ ಘೋಷಣೆಯಾಗಿ ಪರಿಹಾರ ಸಿಗಬೇಕಾದರೆ ಏನೇನಾಗಬೇಕು ಅಂತ ಕೇಂದ್ರ ಸರ್ಕಾರ ಬರೆದಿಟ್ಟ ಬರದ ಕೈಪಿಡಿಯನ್ನು ಅವರು ಓದಿಕೊಂಡಿದ್ದರು. ಜೂನ್‌ನಲ್ಲಿ ಒಂದೇ ರಾತ್ರಿ ಸುರಿದು ಹಳ್ಳ ಸೇರಿದ ಮಳೆಯನ್ನೂ ಕೂಡಿಸಿದ್ದರಿಂದ ತಾಲ್ಲೂಕಿನ ಕೊರತೆ ಶೇ. 18ಕ್ಕೆ ನಿಂತಿತ್ತು. ಶೇ. 19ರವರೆಗೆ ಕಾಗದದ ಮೇಲೆ ಅದು ವಾಡಿಕೆ ಮಳೆಯೇ. ಉಳಿದದ್ದು ಒಂದೇ ದಾರಿ: ಸತತ ಮೂರು ವಾರ, ವಾರದ ವಾಡಿಕೆ ಮಳೆಯ ಅರ್ಧವೂ ಬೀಳಬಾರದು. ಎರಡು ವಾರ ಒಣಗಿಯಾಗಿತ್ತು. ಮೂರನೆಯದರಲ್ಲಿ ಎರಡೇ ದಿನ ಬಾಕಿ.

ದೇವರು ಕೇಳಿಸಿಕೊಳ್ಳಲಿಲ್ಲ. 12 ಮಿ.ಮೀ. ಸುರಿಯಿತು. ಆ ವಾರದ ವಾಡಿಕೆ 22, ಅರ್ಧ ಅಂದರೆ 11. ಒಂದು ಮಿಲಿಮೀಟರ್ ಜಾಸ್ತಿಯಾಯಿತು, ಬರ ಹೋಯಿತು! ಲೆಕ್ಕ ಮತ್ತೆ ಒಂದನೇ ವಾರದಿಂದ ಶುರು. ಒಣಗಿದ್ದ ಗಿಡಕ್ಕೆ ಮಾತ್ರ ಮತ್ತೆ ಶುರುಮಾಡಲು ಬರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಹೇಗೋ ಮೂರು ವಾರ ಪೂರ್ತಿ ಒಣಗಿ ಪಾಸಾದೆವು. ಆಮೇಲೆ ಬೆಳೆ ಹೇಗಿದೆ ಅಂತ ನೋಡಬೇಕಲ್ಲ, ಉಪಗ್ರಹ ನೋಡಿತು. ಅದು ನೋಡುವುದು ಹಸಿರನ್ನು. ಹಿಂದಿನ ವರ್ಷಗಳಲ್ಲಿ ಇದೇ ದಿನಗಳಲ್ಲಿ ಇಲ್ಲಿ ಎಷ್ಟು ಹಸಿರಿತ್ತು, ಈಗೆಷ್ಟಿದೆ ಅಂತ ಹೋಲಿಸುತ್ತದೆ. ನಮ್ಮ ಹೊಲ ಹಸಿರಾಗೇ ಇತ್ತು. ಆ 12 ಮಿ.ಮೀ.ಗೆ ಕಳೆ ಎದ್ದಿತ್ತು, ಶೇಂಗಾ ಬಳ್ಳಿಯೂ ಎರಡು ಎಲೆ ಬಿಟ್ಟಿತ್ತು. ಚಿಕ್ಕಪ್ಪ ಒಂದು ಗಿಡ ಕಿತ್ತು ತೋರಿಸಿದರು. ಬೇರಲ್ಲಿ ನಾಲ್ಕು ಕಾಯಿ, ಹಿಚುಕಿದರೆ ಮೂರು ಜೊಳ್ಳು. ಮಣ್ಣೊಳಗಿನ ಕಾಯಿ ಆಕಾಶದಿಂದ ಕಾಣುವುದಿಲ್ಲ, ಅಲ್ವಾ?

ನಗಬೇಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಣೆಯಾಗಿತ್ತು. ಆಗ ಕೇಂದ್ರದಿಂದ ಬಂದ ತಂಡಕ್ಕೆ ಸರ್ಕಾರವೇ 'ಹಸಿರು ಬರ' ಅಂದರೇನು ಅಂತ ಬಿಡಿಸಿ ಹೇಳಬೇಕಾಯಿತು.

ಕೊನೆಗೆ ಹೊಲಕ್ಕೇ ಇಳಿದು ನೋಡುವ ಸರದಿ. ಅದೂ ಎಲ್ಲ ಊರಿಗಲ್ಲ, ನೂರಕ್ಕೆ ಹತ್ತು ಊರಿಗೆ. ಸಿಬ್ಬಂದಿ ಬಂದರು, ಮೊಬೈಲ್‌ನಲ್ಲಿ ಫೋಟೋ ಹೊಡೆದರು. ಶೇ. 33ಕ್ಕಿಂತ ಕಡಿಮೆ ನಷ್ಟವಾದರೆ ಬರವೇ ಇಲ್ಲ. ಶೇ. 50ರವರೆಗೆ ಸಾಧಾರಣ ಬರ, ಅದನ್ನು ದಾಟಿದರೆ ತೀವ್ರ. ದೆಹಲಿಯ ದುಡ್ಡು ಬೇಕಂದ್ರೆ ತೀವ್ರವೇ ಆಗಬೇಕು.

"ಶೇ. 48 ಅಂತ ಬರ್ಕೊಂಡ್ರು," ಅಂದರು ಚಿಕ್ಕಪ್ಪ. "ಇನ್ನೆರಡು ಗಿಡ ನಾನೇ ಕಿತ್ತು ಹಾಕಿದ್ರೆ ಆಗ್ತಿತ್ತೇನೋ."

ಮೊನ್ನೆ ಅವರು ಪಂಚಾಯಿತಿ ಆಫೀಸಿನ ಮಳೆಮಾಪಕದ ಸುತ್ತ ಎರಡು ಸುತ್ತು ಹಾಕುತ್ತಿದ್ದರು. ಏನ್ ನೋಡ್ತಿದ್ದೀರಿ ಅಂತ ಕೇಳಿದೆ.

"ಸುಮ್ನೆ. ನಮ್ಮನೆ ನೀಲಿ ಬಕೆಟ್ಟು ಇದರ ಮೇಲೆ ಬೋರಲು ಕೂರುತ್ತಾ ಅಂತ."