ಅಮ್ಮನ ಕೊರಳಿಗೆ ಕಾಸಿನ ಸರ ಹಾಕಿದ್ದು ಯಾರು?

ನಿನ್ನೆ ಸಂಜೆ ಅಂಗಡಿ ಶಟರ್ ಎಳೆಯುವ ಹೊತ್ತಿಗೆ ಪಕ್ಕದ ಬೀದಿಯ ಹುಡುಗನೊಬ್ಬ ಬಂದ. ಕಂಕುಳಲ್ಲಿ ಫ್ರೇಮ್ ಹಾಕಿಸಿದ ಫೋಟೊ. "ಅಕ್ಕಾ, ಇದನ್ನ ಸ್ವಲ್ಪ ಸರಿ ಮಾಡಿಕೊಡ್ತೀರಾ? ನಾಡಿದ್ದು ಅಮ್ಮನ ವರ್ಷದ ತಿಥಿ" ಅಂದ.

ನೋಡಿದೆ. ಅವರಮ್ಮನನ್ನು ನಾನು ಬಲ್ಲೆ. ಕೊರಳಲ್ಲಿ ಒಂದೆಳೆ ಕರಿಮಣಿ, ಮೂಗಿಗೆ ಸಣ್ಣ ಹರಳಿನ ಮೂಗುಬೊಟ್ಟು. ಅಷ್ಟೇ. ಫ್ರೇಮಿನಲ್ಲಿದ್ದ ಹೆಂಗಸಿಗೆ ಮೂರೆಳೆ ಕಾಸಿನ ಸರ. ಕಿವಿಯ ಹಿಂದಿನ ಕೂದಲು ಮೇಣದ ಹಾಗೆ ಕರಗಿ ಇಳಿದು ಸೆರಗಿನ ಜೊತೆ ಒಂದಾಗಿದೆ. ರವಿಕೆಗೆ ಅಂಗಿ ಕಾಲರ್, ಅದೂ ಒಂದೇ ಕಡೆ! "ತಂಗಿ ನೋಡಿ, ಇದು ಅಮ್ಮ ಅಲ್ಲ ಅಂತ ಎದ್ದು ಒಳಗೆ ಹೋದ್ಲು" ಅಂದ.

ಹಳೇ ಫೋಟೊಗೆ ಆಗಿದ್ದು ಇಷ್ಟೇ: ಎಡ ಭುಜ, ಕತ್ತಿನ ಪಕ್ಕ, ತುರುಬಿನ ಒಂದು ತುದಿಗೆ ಬೂಷ್ಟು ಹಿಡಿದಿತ್ತು. ಅದನ್ನು ತೆಗೆದುಕೊಡಿ ಅಂತ ಇವನು ಒಂದು ಕಡೆ ಕೊಟ್ಟಿದ್ದ. ಯಾವ ಅಂಗಡಿ ಅಂತ ಕೇಳಬೇಡಿ, ಹೇಳಲ್ಲ. ಪುಣ್ಯಕ್ಕೆ ಅವರು ಪೆನ್‌ಡ್ರೈವಿನಲ್ಲಿ ಆ ಹೊಸ ಚಿತ್ರದ PNG ಫೈಲನ್ನೂ ಹಾಕಿಕೊಟ್ಟಿದ್ದರು. ಅವರು ಬಳಸಿದ್ದು ಸ್ಟೇಬಲ್ ಡಿಫ್ಯೂಷನ್, ಬರೆದ ಮಾತು ನೋಡಿ ಚಿತ್ರ ಬಿಡಿಸುವ AI ಮಾಡೆಲ್. ಅದನ್ನು ಬಳಸುವವರಿಗೆ ಗೊತ್ತು, ಆ ಫೈಲಿನ ಹೊಟ್ಟೆಯೊಳಗೇ ಅಡುಗೆಯ ಗುಟ್ಟೆಲ್ಲ ಇರುತ್ತದೆ. `PNG Info` ಟ್ಯಾಬಿಗೆ ಎಳೆದು ಹಾಕಿದೆ. ಬೇಕು ಅಂತ ಬರೆದದ್ದು: "ಸುಂದರ, ಸಾಂಪ್ರದಾಯಿಕ ಭಾರತೀಯ ಮಹಿಳೆ, ಸೀರೆ". ಬೇಡ ಅಂತ ಬರೆದದ್ದು ಒಂದು ಮಾರುದ್ದ. ಅದರಲ್ಲಿ ಈ ಮುತ್ತುಗಳು:

```
bad anatomy, extra fingers, melted hair,
extra jewelry, weird collar, ugly
```

ನನಗೆ ಸಿಟ್ಟು ಬರುವುದು ಇಲ್ಲೇ. ಎಲ್ಲಿಂದಲೋ ನಕಲು ಮಾಡಿದ ಮಂತ್ರ. ಎಲ್ಲ ಫೋಟೊಗೂ ಅದೇ ಮಂತ್ರ. ಭುಜದ ಬೂಷ್ಟು ತೆಗೆಯುವ ಕೆಲಸಕ್ಕೆ ಹೆಚ್ಚುವರಿ ಬೆರಳು ಎಲ್ಲಿಂದ ಬರಬೇಕು ಸ್ವಾಮಿ? ಫೋಟೊದಲ್ಲಿ ಕೈಯೇ ಇಲ್ಲ.

ಈ ಮಾಡೆಲ್ ಕಲಿತದ್ದು ಚಿತ್ರ ಮತ್ತು ಅದರ ಜೊತೆ ಜನ ಬರೆದ ಸಾಲುಗಳಿಂದ. ಫೋಟೊ ಹಾಕುವ ಯಾರಾದರೂ ಕೆಳಗೆ "ಕರಗಿದ ಕೂದಲು" ಅಂತ ಬರೆಯುತ್ತಾರಾ? "ವಿಚಿತ್ರ ಕಾಲರ್" ಅಂತ? ಆ ಮಾತಿಗೆ ಅದರ ತಲೆಯಲ್ಲಿ ಚಿತ್ರವೇ ಇಲ್ಲ. ಇನ್ನು "ಹೆಚ್ಚುವರಿ ಒಡವೆ". ಯಾವುದಕ್ಕಿಂತ ಹೆಚ್ಚುವರಿ? ಅವರಮ್ಮನ ಹತ್ತಿರ ಎಷ್ಟಿತ್ತು ಅಂತ ಅದಕ್ಕೇನು ಗೊತ್ತು? ಅದಕ್ಕೆ ಗೊತ್ತಿರುವುದು ಕಣ್ಣಿಗೆ ಕಾಣುವ ವಸ್ತುವಿನ ಹೆಸರು. ಪದಕ, ಚೋಕರ್, ಅಂಗಿ ಕಾಲರ್. ಹಾಗೆ ಹೆಸರಿಟ್ಟು ಹೇಳಿದರೆ ಕೇಳುತ್ತದೆ.

ಇನ್ನೊಂದು. ಬೇಡದ್ದನ್ನು ಬರೆಯುವ ಮೊದಲು ಬೇಕು ಅಂತ ಏನು ಬರೆದಿದ್ದೀರಿ ನೋಡಿ. "ಸಾಂಪ್ರದಾಯಿಕ ಭಾರತೀಯ ಮಹಿಳೆ, ಸೀರೆ" ಅಂದರೆ ಅದಕ್ಕೆ ನೆನಪಾಗುವುದು ಮದುವೆ ಹೆಣ್ಣು. ಒಂದು ಬಾಗಿಲಲ್ಲಿ ಕಾಸಿನ ಸರವನ್ನು ಕರೆದು, ಇನ್ನೊಂದು ಬಾಗಿಲಲ್ಲಿ ಹೋಗು ಅಂದ ಹಾಗಾಯಿತು. ಚಿತ್ರವನ್ನು ಅದು ಹೆಜ್ಜೆ ಹೆಜ್ಜೆಯಾಗಿ ಬಿಡಿಸುತ್ತದೆ. ಪ್ರತಿ ಹೆಜ್ಜೆಯಲ್ಲೂ ಎರಡು ಸಲ ಊಹೆ ಮಾಡುತ್ತದೆ, ಬೇಕಾದ ಮಾತು ನೋಡಿ ಒಂದು, ಬೇಡದ ಮಾತು ನೋಡಿ ಒಂದು. ಆಮೇಲೆ ಎರಡನೆಯದರಿಂದ ದೂರ ಸರಿದು ಮೊದಲನೆಯದರ ಕಡೆ ಹೋಗುತ್ತದೆ. ಎಷ್ಟು ಜೋರಾಗಿ ಸರಿಯಬೇಕು ಅನ್ನುವುದೇ `CFG scale`. ಅದನ್ನು 1ಕ್ಕೆ ಇಟ್ಟು ಓಡಿಸುವ ವೇಗದ ಮಾಡೆಲ್‌ಗಳಿವೆಯಲ್ಲ, ಅಲ್ಲಿ ನೀವು ಬೇಡದ ಡಬ್ಬದಲ್ಲಿ ರಾಮಾಯಣವನ್ನೇ ಬರೆದರೂ ಏನೂ ಆಗಲ್ಲ.

ರಾತ್ರಿ ಕೂತೆ. ಮೊದಲು ರವಿಕೆ ಮತ್ತು ಕತ್ತಿನ ಪಕ್ಕಕ್ಕೆ ಮಾತ್ರ ಮಾಸ್ಕ್ ಬಳಿದೆ, ಅಂದರೆ ಇಷ್ಟನ್ನು ಮಾತ್ರ ಬದಲಿಸು ಅನ್ನುವ ಗುರುತು. ಮುಖ ಮುಟ್ಟಲಿಲ್ಲ. `Denoising strength` ಅವರು 0.75 ಇಟ್ಟಿದ್ದರು, ನಾನು 0.45ಕ್ಕೆ ಇಳಿಸಿದೆ. ಜಾಸ್ತಿ ಇಟ್ಟಷ್ಟೂ ಅದು ಹಳೆಯದನ್ನು ಮರೆತು ಸ್ವಂತ ಕಥೆ ಕಟ್ಟುತ್ತದೆ. ಬೇಡದ ಡಬ್ಬದಲ್ಲಿ ಅವಸರಕ್ಕೆ `jewelry` ಅಂತ ಬರೆದೆ. ನೋಡಿದರೆ ಕರಿಮಣಿಯೇ ಮಾಯ! ತಿಥಿ ಫೋಟೊದಲ್ಲಿ ಅವರಮ್ಮನ ತಾಳಿ ತೆಗೆದುಬಿಟ್ಟಿದ್ದೆ. ನನಗೇ ನಾಚಿಕೆ ಆಯಿತು. ಆಮೇಲೆ ಹೀಗೆ ಬರೆದೆ, ಮೇಲಿನ ಸಾಲು ಬೇಕಾದ್ದು, ಕೆಳಗಿನದು ಬೇಡದ್ದು:

```
plain cotton saree, round neck blouse, one thin black bead chain
gold necklace, choker, pendant, shirt collar, lapel
```

ಇನ್ನು ಸೀಡ್. ಇದನ್ನು ಜನ ಲಾಟರಿ ಮಾಡಿಕೊಂಡಿದ್ದಾರೆ. -1 ಇಟ್ಟು, ಅಂದರೆ ಪ್ರತಿ ಸಲ ಯಾವುದಾದರೂ ಒಂದು ನಂಬರ್ ಹಿಡಿ ಅಂತ ಬಿಟ್ಟು, ಚೆನ್ನಾಗಿ ಬರುವವರೆಗೂ ಒತ್ತುವುದು. "ಅದೃಷ್ಟದ ಸೀಡ್" ಅಂತ ವಾಟ್ಸಾಪಿನಲ್ಲಿ ಹಂಚುವವರೂ ಇದ್ದಾರೆ. ಸೀಡ್ ಅಂದರೆ ಚಿತ್ರ ಶುರುವಾಗುವ ಮುಂಚಿನ ಕಾಳು ಕಾಳು ಗದ್ದಲ ಯಾವುದು ಅನ್ನುವ ನಂಬರ್, ಅಷ್ಟೇ. ಫೋಟೊ, ಮಾಸ್ಕ್, ಅಳತೆ ಬದಲಾದರೆ ಆ ನಂಬರಿನ ಅದೃಷ್ಟ ಮುಗಿಯಿತು. ಆದರೆ ಪರೀಕ್ಷೆ ಮಾಡುವುದಕ್ಕೆ ಅದರಷ್ಟು ಉಪಕಾರಿ ಇನ್ನೊಂದಿಲ್ಲ. ನಾನು 1000 ಇಟ್ಟು ನಾಲ್ಕು ಚಿತ್ರ ತೆಗೆಸಿದೆ, ಅದು ತಾನೇ 1001, 1002, 1003 ಹಿಡಿಯುತ್ತದೆ. `shirt collar` ಇಲ್ಲದೆ ಒಂದು ಸುತ್ತು, ಸೇರಿಸಿ ಅದೇ ನಾಲ್ಕು ಸೀಡಿಗೆ ಇನ್ನೊಂದು ಸುತ್ತು. ಮೊದಲ ಸುತ್ತಿನಲ್ಲಿ ಮೂರಕ್ಕೆ ಕಾಲರ್ ಇತ್ತು. ಎರಡನೆಯದರಲ್ಲಿ ಒಂದಕ್ಕೂ ಇಲ್ಲ. ಅಂದರೆ ಕೆಲಸ ಮಾಡಿದ್ದು ಆ ಮಾತು. ಬರೀ ಒಂದರಲ್ಲಿ ಹೋಗಿದ್ದರೆ ಅದು ಅದೃಷ್ಟವೂ ಇರಬಹುದಿತ್ತು. ಪ್ರತಿ ಸಲ -1 ಇಟ್ಟರೆ ಇದು ನಿಮಗೆ ಜನ್ಮದಲ್ಲಿ ಗೊತ್ತಾಗಲ್ಲ. 1002 ಚೆನ್ನಾಗಿತ್ತು, ಅದನ್ನೇ ಇಟ್ಟುಕೊಂಡೆ.

ಕೂದಲಿಗೆ ಮಾತ್ರ ಬೇಡದ ಮಾತು ಯಾವುದೂ ನಾಟಲ್ಲ. ಬರೆದು ಬರೆದು ಸೋತಿದ್ದೇನೆ. ಕಾರಣ ಮಾತಿನಲ್ಲಿಲ್ಲ, ಅಳತೆಯಲ್ಲಿದೆ. ಮಾಡೆಲ್ ಚಿತ್ರವನ್ನು ಒಳಗೆ ಉದ್ದಕ್ಕೂ ಅಗಲಕ್ಕೂ ಎಂಟು ಪಟ್ಟು ಕುಗ್ಗಿಸಿಕೊಂಡು ಕೆಲಸ ಮಾಡುತ್ತದೆ. 512 ಇದ್ದದ್ದು 64 ಆಗುತ್ತದೆ. ಅಲ್ಲಿ ಎಳೆ ಎಳೆ ಕೂದಲಿಗೆ ಜಾಗ ಎಲ್ಲಿ? ಅದಕ್ಕೇ ಮೇಣ. ಹಾಗಾಗಿ ತುರುಬಿಗೆ ಬೇರೆಯೇ ಮಾಸ್ಕ್ ಬಳಿದು `Only masked` ಒತ್ತಿದೆ. ಆಗ ಅಷ್ಟು ತುಂಡನ್ನೇ ಕತ್ತರಿಸಿ ದೊಡ್ಡದು ಮಾಡಿಕೊಂಡು ಬಿಡಿಸುತ್ತದೆ. ಮಾಸ್ಕಿನ ಅಂಚನ್ನು ಕೂದಲ ಮಧ್ಯದಲ್ಲಿ ನಿಲ್ಲಿಸದೆ ಹಿಂದಿನ ಗೋಡೆಯವರೆಗೂ ಎಳೆದೆ. ಅಂಚು ಜಡೆಯನ್ನು ಅಡ್ಡ ಕಡಿದರೆ ಅಲ್ಲೇ ಕರಗಲು ಶುರು.

ಈಗ ಕೆಲವರು ಬರ್ತೀರಿ, ಗೊತ್ತು. "ಮೇಡಂ, ಹೊಸ ಟೂಲ್‌ಗಳಿಗೆ ಬೇಡದ ಡಬ್ಬವೇ ಬೇಕಿಲ್ಲ, ಸುಮ್ನೆ ಹೇಳಿದ್ರೆ ಮಾಡುತ್ತೆ." ಮಾಡಲಿ, ಸಂತೋಷ. ಅಲ್ಲೂ "ರವಿಕೆಯ ಕತ್ತು ದುಂಡಗಿರಲಿ, ಒಂದೇ ಎಳೆ ಕರಿಮಣಿ" ಅಂತ ಬಿಡಿಸಿ ಹೇಳಬೇಕಾದವರು ನೀವೇ ಅಲ್ವಾ? ಇನ್ನು "ಒಡವೆ ಬಂದ್ರೆ ಕಸ್ಟಮರ್‌ಗೆ ಖುಷಿನೇ" ಅನ್ನುವವರಿಗೆ ಆ ತಂಗಿಯ ಮುಖ ತೋರಿಸಬೇಕು.

ನಾನೇನು ಸಾಚಾ ಅಲ್ಲ. ಹೋದ ವರ್ಷ ಒಬ್ಬ ಯಜಮಾನರ ಫೋಟೊಗೆ ಕೋಟು ಹಾಕಿಕೊಟ್ಟೆ. ಕಾಲರಿನ ಮೇಲೆ ಇನ್ನೊಂದು ಕಾಲರ್ ಬಂದಿತ್ತು. ನೋಡಿದ್ದೆ. ಊಟದ ಹೊತ್ತಾಗಿತ್ತು, ಯಾರು ಗಮನಿಸ್ತಾರೆ ಅಂತ 12x18 ಪ್ರಿಂಟ್ ತೆಗೆದುಬಿಟ್ಟೆ. ಅವರ ಹೆಂಡತಿ ಆ ಕಾಲರ್ ಮೇಲೆ ಬೆರಳಾಡಿಸಿದರು, ಏನೂ ಅನ್ನದೆ ದುಡ್ಡು ಕೊಟ್ಟು ಹೋದರು.

ಬೆಳಗ್ಗೆ ಹುಡುಗ ಬಂದ. ತುರುಬಿನ ಕೆಳಗೆ ಒಂದು ಚೂರು ಕೊನೆಗೂ ಸರಿ ಬರಲಿಲ್ಲ, ಬ್ರಷ್ ಹಿಡಿದು ಕೈಯಲ್ಲೇ ಎಳೆ ಎಳೆದಿದ್ದೆ. ಅವನು ಅದನ್ನು ನೋಡಲೇ ಇಲ್ಲ. ಮೂಗುಬೊಟ್ಟು ನೋಡಿದ, ಕರಿಮಣಿ ನೋಡಿದ, ಪೇಪರಿನಲ್ಲಿ ಸುತ್ತಿಸಿಕೊಂಡು ಹೊರಟ. ಹಳೇ ಫ್ರೇಮ್ ಇಲ್ಲೇ ಬಿಟ್ಟು ಹೋಗಿದ್ದಾನೆ. ಕಾಸಿನ ಸರದ ಹೆಂಗಸು ಈಗ ನನ್ನ ಕೌಂಟರಿನ ಕೆಳಗೆ ಗೋಡೆಗೆ ಮುಖ ಮಾಡಿ ನಿಂತಿದ್ದಾಳೆ. ಬಿಸಾಕುವುದಕ್ಕೂ ಮನಸ್ಸು ಬರ್ತಿಲ್ಲ.