ಮೂರು ಲಕ್ಷದ ಪ್ರಾವಿಷನ್ ಯಾವ ಬ್ಯಾಂಕಿನಲ್ಲಿದೆ ಸ್ವಾಮಿ?

ಕಂಪನಿಗಳ ವಾರ್ಷಿಕ ವರದಿಯ ಕನ್ನಡ ಅನುವಾದದಲ್ಲಿ ಇಂಥದೊಂದು ಸಾಲು ಕಣ್ಣಿಗೆ ಬೀಳುತ್ತದೆ: ‘ಸಂಶಯಾಸ್ಪದ ಬಾಕಿಗಳಿಗೆ ಅವಕಾಶ, ರೂ. 3,00,000.’ ಓದಿದವನಿಗೆ ಆಗುವ ಅರ್ಥ ಒಂದೇ. ಬಾಕಿ ಉಳಿಸಿಕೊಳ್ಳುವವರಿಗೆ ಕಂಪನಿಯೇ ಅವಕಾಶ ಮಾಡಿಕೊಟ್ಟಿದೆ, ಅದೂ ಮೂರು ಲಕ್ಷದ ಮಿತಿ ಹಾಕಿ! ಅನುವಾದಕರನ್ನು ಬೈದು ಪ್ರಯೋಜನವಿಲ್ಲ. ಪ್ರಾವಿಷನ್ ಎಂಬ ಪದಕ್ಕೆ ಅವರ ಮುಂದೆ ಅವಕಾಶ, ಉಪಬಂಧ, ಏರ್ಪಾಡು, ದಿನಸಿ ಎಲ್ಲವೂ ಸಾಲಾಗಿ ಕೂತಿರುತ್ತವೆ. ‘ಸಂಶಯಾಸ್ಪದ ಬಾಕಿಗಳಿಗೆ ದಿನಸಿ’ ಎಂದು ಬರೆಯದೆ ಬಿಟ್ಟದ್ದೇ ಅವರ ದೊಡ್ಡತನ.

ವರದಿ ಷೇರುದಾರರ ಸಭೆಗೆ ಬಂತು ಎಂದಿಟ್ಟುಕೊಳ್ಳಿ. ಮುಂದಿನ ಸಾಲಿನ ಹಿರಿಯರೊಬ್ಬರು ಏಳುತ್ತಾರೆ: “ಅಧ್ಯಕ್ಷರೇ, ಡಿವಿಡೆಂಡ್ ಕೇಳಿದ್ರೆ ಲಾಭ ಕಮ್ಮಿ ಅಂತೀರಿ. ಇಲ್ಲಿ ಮೂರು ಲಕ್ಷ ಪ್ರಾವಿಷನ್ ಅಂತ ಎತ್ತಿಟ್ಟಿದ್ದೀರಲ್ಲ, ಯಾವ ಬ್ಯಾಂಕಿನಲ್ಲಿದೆ?” ಅವರ ಪಕ್ಕದ ವಕೀಲರು ಬಿಡುತ್ತಾರೆಯೇ? “ಅದಿರಲಿ, ಯಾವ ಪ್ರಾವಿಷನ್ ಪ್ರಕಾರ ಈ ಪ್ರಾವಿಷನ್ ಮಾಡಿದ್ರಿ, ಅದನ್ನ ಹೇಳಿ ಮೊದಲು.” ಹಿಂದಿನ ಸಾಲಿನಲ್ಲಿ ಕೂತ ವ್ಯಾಪಾರಸ್ಥರಿಗೆ ಇದು ಕ್ಯಾಂಟೀನಿನ ಅಕ್ಕಿ-ಬೇಳೆ ಲೆಕ್ಕ. “ಮೂರು ಲಕ್ಷದ್ದು ಪ್ರಾವಿಷನ್ನಾ? ಯಾರು ಸಪ್ಲೈ ಮಾಡಿದ್ದು?” ಮೂವರೂ ಕೇಳಿದ್ದು ಸರಿಯಾದ ಇಂಗ್ಲಿಷಿನಲ್ಲೇ. ಅಧ್ಯಕ್ಷರು ಆಡಿಟರ್ ಮುಖ ನೋಡುತ್ತಾರೆ, ಆಡಿಟರ್ ಗಡಿಯಾರ ನೋಡುತ್ತಾರೆ.

ಆಡಿಟರ್ ಹೇಳಬೇಕಾಗಿದ್ದ ಮಾತು ಇಷ್ಟು: ಆ ಮೂರು ಲಕ್ಷ ಯಾವ ಬ್ಯಾಂಕಿನಲ್ಲೂ ಇಲ್ಲ. ಗಿರಾಕಿಗಳಿಂದ ಕಂಪನಿಗೆ ಬರಬೇಕಾದ ಬಾಕಿ ಒಟ್ಟು 40 ಲಕ್ಷ. ಅದರಲ್ಲಿ ಒಂದು ಪಾರ್ಟಿಯದ್ದೇ 6 ಲಕ್ಷ. ಆತ ಫೋನ್ ಎತ್ತುವುದನ್ನು ಬಿಟ್ಟು ಬಹಳ ದಿನವಾಯಿತು, ಅರ್ಧವಾದರೂ ಮುಳುಗುತ್ತದೆ ಎಂದು ಅಂದಾಜು. ಮಾರ್ಚ್ 31ರಂದು ಲೆಕ್ಕದವರು ಲಾಭ-ನಷ್ಟ ಖಾತೆಗೆ 3 ಲಕ್ಷ ಖರ್ಚು ಹಾಕಿ ಪ್ರಾವಿಷನ್ ಖಾತೆಗೆ ಅಷ್ಟೇ ಜಮೆ ಮಾಡುತ್ತಾರೆ. 10 ಲಕ್ಷವಿದ್ದ ಲಾಭ 7 ಲಕ್ಷಕ್ಕಿಳಿಯುತ್ತದೆ. ಆಸ್ತಿ-ಹೊಣೆ ಪಟ್ಟಿಯಲ್ಲಿ ಬಾಕಿ 40ರ ಬದಲು 37 ಎಂದು ಬರುತ್ತದೆ. ನಗದು ಮಾತ್ರ ಒಂದು ಪೈಸೆಯೂ ಅತ್ತಿತ್ತ ಆಗಿಲ್ಲ. ಅಂದರೆ ಹಿರಿಯರು ಡಿವಿಡೆಂಡ್ ಕೇಳುತ್ತಿರುವುದು ಆ ಫೋನ್ ಎತ್ತದ ಪಾರ್ಟಿಯ ಜೇಬಿನಿಂದ.

ಇದನ್ನು ಪರೀಕ್ಷಿಸಲು ಆಡಿಟರ್ ಬೇಕಿಲ್ಲ. ಅದೇ ವರದಿಯಲ್ಲಿರುವ ನಗದು ಹರಿವಿನ ಪಟ್ಟಿ ತೆಗೆದು ನೋಡಿ. ಲಾಭದಿಂದ ಶುರುವಾಗುವ ಆ ಲೆಕ್ಕದಲ್ಲಿ ಈ 3 ಲಕ್ಷವನ್ನು ಮತ್ತೆ ಕೂಡಿಸಿರುತ್ತಾರೆ. ಕಳೆದಾಗ ಹಣ ಹೋಗಿರಲಿಲ್ಲ, ಹಾಗಾಗಿ ಕೂಡಿಸುತ್ತಾರೆ. ನಿಜವಾಗಿ ಹಣ ಎತ್ತಿಟ್ಟಿದ್ದರೆ ಆಸ್ತಿ ಕಡೆ ಅದರ ಹೆಸರಿನಲ್ಲಿ ಠೇವಣಿಯೋ ಬಾಂಡೋ ಕಾಣಿಸಬೇಕಿತ್ತು.

ಮುಂದಿನ ವರ್ಷ ಪಾರ್ಟಿ ಹೇಗೋ 4 ಲಕ್ಷ ಕೊಟ್ಟು ಕೈತೊಳೆದುಕೊಂಡ ಎನ್ನಿ. ಉಳಿದ 2 ಲಕ್ಷವನ್ನು ಪ್ರಾವಿಷನ್ನಿಗೆ ವಜಾ ಹಾಕಿ ಬಾಕಿಯಿಂದ ತೆಗೆದುಹಾಕುತ್ತಾರೆ. ಮಿಕ್ಕ 1 ಲಕ್ಷ ಬೇಡವಾಯಿತು, ಅದು ಲಾಭಕ್ಕೆ ವಾಪಸ್ ಬರುತ್ತದೆ. ಆಗ ಹಿರಿಯರು ಮತ್ತೆ ಏಳುತ್ತಾರೆ: “ನೋಡಿ, ನಾನು ಹೇಳಿದ್ದೆ, ಎಲ್ಲೋ ಇಟ್ಟಿದ್ರು!”

ಅವರ ಅನುಮಾನವನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಲಾಭ ಹುಲುಸಾದ ವರ್ಷ ಬೇಕೆಂದೇ ಜಾಸ್ತಿ ಪ್ರಾವಿಷನ್ ಮಾಡಿ, ಕೆಟ್ಟ ವರ್ಷ ಅದನ್ನು ತಿರುಗಿಸಿ ಲಾಭ ತೋರಿಸುವ ಕೈಚಳಕ ಆಡಳಿತ ಮಂಡಳಿಗಳಿಗೆ ಗೊತ್ತಿಲ್ಲದ್ದೇನಲ್ಲ. ಇದಕ್ಕೆ ಕಡಿವಾಣ ಹಾಕಲೆಂದೇ ನಮ್ಮ ಅಕೌಂಟಿಂಗ್ ಸ್ಟ್ಯಾಂಡರ್ಡ್ 29 ಮೂರು ಷರತ್ತು ಇಟ್ಟಿದೆ. ಹಿಂದೆ ನಡೆದ ಘಟನೆಯಿಂದ ಈಗಾಗಲೇ ಹೊಣೆ ಹುಟ್ಟಿರಬೇಕು, ಅದನ್ನು ತೀರಿಸಲು ಹಣ ಕೈಬಿಡುವ ಸಂಭವ ಇರಬೇಕು, ಮೊತ್ತವನ್ನು ನಂಬುವಂತೆ ಅಂದಾಜು ಮಾಡಲು ಬರಬೇಕು. ಮಾರಿದ ಯಂತ್ರಕ್ಕೆ ಕೊಟ್ಟ ವಾರಂಟಿ ಈ ಮೂರನ್ನೂ ದಾಟುತ್ತದೆ. ‘ಮುಂದಿನ ವರ್ಷ ವ್ಯಾಪಾರ ಡಲ್ ಆಗಬಹುದು’ ಎಂಬ ಭಯ ದಾಟುವುದಿಲ್ಲ.

ಹಾಗಾದರೆ ನಮ್ಮ 3 ಲಕ್ಷ ದಾಟಿತೇ? ಇಲ್ಲೇ ಇರುವುದು ತಮಾಷೆ. ಬಾರದ ಬಾಕಿ, ಸವಕಳಿ ಇವಕ್ಕೂ ಪ್ರಾವಿಷನ್ ಎನ್ನುವುದುಂಟು, ಆದರೆ ಅವು ಆಸ್ತಿಯ ಬೆಲೆಯಲ್ಲಿ ಮಾಡುವ ಕಡಿತ, ನಾನು ಅದರ ತಂಟೆಗೆ ಬರುವುದಿಲ್ಲ ಎಂದು ಅದೇ ಸ್ಟ್ಯಾಂಡರ್ಡ್ ಕೈಕೊಡವಿಬಿಡುತ್ತದೆ. ಲೆಕ್ಕಶಾಸ್ತ್ರದ ಮನೆಯೊಳಗೇ ಒಂದೇ ಹೆಸರಿನ ಇಬ್ಬರು. ಒಬ್ಬ ಕೊಡಬೇಕಾದ ಹೊಣೆ, ಇನ್ನೊಬ್ಬ ಬಾರದ ಹಣ. ಹೊರಗಿನವರು ಗುರುತು ಹಿಡಿಯಲಿಲ್ಲ ಎಂದು ದೂರಿದರೆ ಹೇಗೆ?

ವಕೀಲರ ಪ್ರಶ್ನೆಗೆ ಉತ್ತರ ಚಿಕ್ಕದು. ಅವರ ಪ್ರಾವಿಷನ್ ಎಂದರೆ ಕಾಯ್ದೆಯ ಒಂದು ಸೆಕ್ಷನ್ನೋ ಉಪಸೆಕ್ಷನ್ನೋ ಹೇಳುವ ಮಾತು. ಅಂದಾಜಿಗೆ ಅಲ್ಲಿ ಜಾಗವಿಲ್ಲ. 2013ರ ಕಂಪನಿ ಕಾಯ್ದೆಯ 129ನೇ ಸೆಕ್ಷನ್ ಲೆಕ್ಕಪತ್ರಗಳು ಸ್ಟ್ಯಾಂಡರ್ಡಿಗೆ ತಕ್ಕಂತಿರಬೇಕು ಎನ್ನುತ್ತದೆ. ಪ್ರಾವಿಷನ್ ಮಾಡಿಸುವ ಪ್ರಾವಿಷನ್ ಅದೇ. ಸರ್ಕಾರದ ಬಜೆಟ್ಟಿನ ಪ್ರಾವಿಷನ್ ಮತ್ತೊಂದು ಜಾತಿ. ಅದು ಖರ್ಚು ಮಾಡಲು ಶಾಸನಸಭೆ ಕೊಟ್ಟ ಅನುಮತಿ, ಮಾರ್ಚ್ 31ರೊಳಗೆ ಬಳಸದಿದ್ದರೆ ಮುಗಿಯಿತು. ‘ಹಣ ಮೀಸಲು’ ಎಂದು ತಲೆಬರಹ ಬಂದ ಮಾತ್ರಕ್ಕೆ ಹಣ ಬಂದಿರುವುದಿಲ್ಲ.

ಈ ಎಲ್ಲ ಅರ್ಥಗಳೂ ಒಂದಕ್ಕೊಂದು ಡಿಕ್ಕಿ ಹೊಡೆಯುವ ಜಾಗ ಆದಾಯ ತೆರಿಗೆ. 1961ರ ಕಾಯ್ದೆಯ 36ನೇ ಸೆಕ್ಷನ್ ಮುಳುಗಿದ ಬಾಕಿಯನ್ನು ಆದಾಯದಿಂದ ಕಳೆಯಲು ಬಿಡುತ್ತಿತ್ತು. ಆದರೆ ಪುಸ್ತಕದಲ್ಲಿ ಅದನ್ನು ಬಾರದ ಹಣವೆಂದು ಬಾಕಿಯಿಂದ ತೆಗೆದು ಬರೆದುಹಾಕಿರಬೇಕು, ಬರೀ ಪ್ರಾವಿಷನ್ ಮಾಡಿದರೆ ಸಾಲದು. ಅಂದರೆ ಬರೀ ಪ್ರಾವಿಷನ್ನಿಗೇ ನಿಂತು ಷೇರುದಾರರಿಗೆ 7 ಲಕ್ಷ ಲಾಭ ತೋರಿಸಿದ ಕಂಪನಿ, ತೆರಿಗೆ ಅಧಿಕಾರಿಯ ಎದುರು 10 ಲಕ್ಷದ ಲಾಭಕ್ಕೆ ತೆರಿಗೆ ಕಟ್ಟಬೇಕು. ಕಾನೂನಿನ ಪ್ರಾವಿಷನ್ ಲೆಕ್ಕದ ಪ್ರಾವಿಷನ್ನನ್ನು ಮೂಸಿಯೂ ನೋಡದು.

ಬರೆದುಹಾಕುವುದು ಎಂದರೇನು ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2010ರಲ್ಲಿ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಕೋರ್ಟ್ ಹೇಳಿದ್ದು ಹೀಗೆ: ಲಾಭ-ನಷ್ಟ ಖಾತೆಗೆ ಖರ್ಚು ಹಾಕಿ, ಅಷ್ಟೇ ಮೊತ್ತವನ್ನು ಆಸ್ತಿ ಕಡೆಯ ಸಾಲದಿಂದ ಕಳೆದು ತೋರಿಸಿದರೆ ಅದು ಬರೆದುಹಾಕಿದಂತೆಯೇ, ಒಬ್ಬೊಬ್ಬ ಸಾಲಗಾರನ ಖಾತೆಯನ್ನೂ ಮುಚ್ಚಬೇಕಿಲ್ಲ. ಹಾಗಾಗಿ ನಮ್ಮ 3 ಲಕ್ಷ ಹೊಣೆ ಕಡೆ ಅಚ್ಚಾದರೆ ಪ್ರಾವಿಷನ್, ವಿನಾಯಿತಿ ಇಲ್ಲ. ಅದೇ 3 ಲಕ್ಷವನ್ನು ಆಸ್ತಿ ಕಡೆ ಕಳೆದು 37 ಎಂದು ಬರೆದರೆ, ವಿನಾಯಿತಿ ಕೇಳಲು ಈ ತೀರ್ಪು ಕೈಯಲ್ಲಿದೆ. ಪಾರ್ಟಿ ಅವನೇ, ಬಾಕಿ ಅದೇ, ಅವನ ಫೋನ್ ಎರಡು ಕಡೆಯೂ ಸ್ವಿಚ್ ಆಫ್.